ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಲೆಕ್ಕಪುಸ್ತಕ ಕದಲದಂತೆ ಡಿಸ್ಕ್ ಬದಲಿಸುವ ಕ್ರಮ

ಪ್ರತಿ ತಿಂಗಳ 11ನೇ ತಾರೀಖಿನಂದು ಜಿಎಸ್‌ಟಿಆರ್-1, 20ನೇ ತಾರೀಖಿನಂದು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ವರ್ತಕರ ಕಛೇರಿಗಳಲ್ಲಿ ಒಂದು ದೃಶ್ಯ ಸಾಮಾನ್ಯವಾಗಿದೆ. ಗುಮಾಸ್ತರು ಬೆಳಿಗ್ಗೆ ಬಂದು ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಬೇಕು ಎಂಬ ತೀರ್ಮಾನಕ್ಕೆ ಬಹುತೇಕ ಮಾಲೀಕರು ಬರುತ್ತಾರೆ. ಅನೇಕ ಸಂದರ್ಭಗಳಲ್ಲಿ ಹಳೆಯದಾಗಿರುವುದು ಇಡೀ ಯಂತ್ರವಲ್ಲ, ಅದರೊಳಗಿನ ತಿರುಗುವ ಡಿಸ್ಕ್ ಮಾತ್ರ. ಆ ಡಿಸ್ಕನ್ನು ತೆಗೆದು ಅದರ ಸ್ಥಾನದಲ್ಲಿ ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ, ಅಳವಡಿಸಬಹುದು. ವಿಂಡೋಸನ್ನಾಗಲೀ ಲೆಕ್ಕಪತ್ರದ ತಂತ್ರಾಂಶವನ್ನಾಗಲೀ ಮತ್ತೊಮ್ಮೆ ಹಾಕದೆ, ಹಳೆಯ ಡಿಸ್ಕಿನ ಯಥಾಪ್ರತಿಯನ್ನು ಹೊಸದರ ಮೇಲೆ ಇಳಿಸಬಹುದು. ಈ ಕ್ರಿಯೆಗೆ ಕ್ಲೋನಿಂಗ್ ಎಂದು ಹೆಸರು. ಕೆಲಸ ಕಷ್ಟದ್ದಲ್ಲ, ಆದರೆ ಅದರಲ್ಲಿ ಲೆಕ್ಕಪುಸ್ತಕಕ್ಕೆ ಪೆಟ್ಟು ಬೀಳಬಹುದಾದ ಒಂದು ಸ್ಥಳವಿದೆ. ಅಂಗಡಿಯ ತಂತ್ರಜ್ಞರಿಗೆ ಅದು ಕಾಣುವುದಿಲ್ಲ, ಏಕೆಂದರೆ ಅದು ಯಂತ್ರದ ವಿಷಯವಲ್ಲ, ಬಿಲ್ಲಿನ ಕ್ರಮಸಂಖ್ಯೆಯ ವಿಷಯ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕದ ಉದಾಹರಣೆಯನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ. ಕಛೇರಿಯ ಲ್ಯಾಪ್‌ಟಾಪ್ 2019ರಲ್ಲಿ ಕೊಂಡದ್ದು: ಇಂಟೆಲ್ ಎಂಟನೆಯ ಪೀಳಿಗೆಯ ಐ5 ಸಂಸ್ಕಾರಕ, 8 ಜಿಬಿ ಮೆಮೊರಿ, 1 ಟಿಬಿ ಹಾರ್ಡ್ ಡಿಸ್ಕ್. ಗುಂಡಿ ಒತ್ತಿದ ಮೇಲೆ ಟ್ಯಾಲಿ ತೆರೆದು ಬಿಲ್ ಹಾಕುವ ಹಂತಕ್ಕೆ ಬರಲು 9 ನಿಮಿಷ ಹಿಡಿಯುತ್ತಿತ್ತು.

ದೋಷ ಡಿಸ್ಕಿನದೇ ಎಂಬುದನ್ನು ತಿಳಿಯುವ ಬಗೆ

ಹಣ ವ್ಯಯಿಸುವ ಮೊದಲು ನಿಧಾನಗತಿಯ ಕಾರಣವನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ. ಯಂತ್ರ ತಡವರಿಸುತ್ತಿರುವಾಗಲೇ Ctrl, Shift ಮತ್ತು Esc ಕೀಲಿಗಳನ್ನು ಒಟ್ಟಿಗೆ ಒತ್ತಿದರೆ Task Manager ತೆರೆಯುತ್ತದೆ. ಅದರ Performance ಪುಟದಲ್ಲಿ Disk 0 ಎಂಬುದನ್ನು ಆರಿಸಿ Active time ಎಷ್ಟಿದೆ ಎಂದು ನೋಡಬೇಕು. ಮೇಲಿನ ಘಟಕದಲ್ಲಿ ಅದು 100 ಪ್ರತಿಶತಕ್ಕೆ ಅಂಟಿಕೊಂಡಿತ್ತು. ಆದರೆ ಅದೇ ಕ್ಷಣದಲ್ಲಿ Read speed ಸೆಕೆಂಡಿಗೆ 1 ಎಂಬಿಯನ್ನೂ ತಲುಪಿರಲಿಲ್ಲ. ಸಂಸ್ಕಾರಕವಾಗಲೀ ಮೆಮೊರಿಯಾಗಲೀ ಅರ್ಧದಷ್ಟೂ ಬಳಕೆಯಾಗುತ್ತಿರಲಿಲ್ಲ. ಡಿಸ್ಕ್ ಬಿಡುವಿಲ್ಲದೆ ದುಡಿಯುತ್ತಿದೆ, ಆದರೆ ಹೊರಬರುವ ಸರಕು ಅತ್ಯಲ್ಪ ಎಂಬುದೇ ಇದರ ಅರ್ಥ.

ಹೀಗೇಕಾಗುತ್ತದೆ ಎಂಬುದನ್ನು ಸುಲಭ ಲೆಕ್ಕದಿಂದ ತಿಳಿಯಬಹುದು. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಸೂಜಿ ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಲು ಸುಮಾರು 12 ಮಿಲಿಸೆಕೆಂಡು ಬೇಕು. ಎರಡನ್ನೂ ಕೂಡಿಸಿದರೆ ಒಂದು ಚಿಕ್ಕ ಓದಿಗೆ ಹತ್ತಿರ ಹತ್ತಿರ 18 ಮಿಲಿಸೆಕೆಂಡು. ಸೆಕೆಂಡಿಗೆ ಸುಮಾರು 55 ಓದುಗಳು. ಯಂತ್ರ ಏಳುವಾಗ ಅಲ್ಲಲ್ಲಿ ಚದುರಿದ 20,000 ಚಿಕ್ಕ ಓದುಗಳು ಬೇಕೆಂದು ಭಾವಿಸಿದರೆ ಅವುಗಳಿಗೇ ಆರು ನಿಮಿಷ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೂ ಇಲ್ಲ, ಸರಿಯುವ ತೋಳೂ ಇಲ್ಲ. ಅಂತಹ ಒಂದು ಓದಿಗೆ ಅಲ್ಲಿ ತಗಲುವುದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು. ಆದುದರಿಂದ ಅದೇ 20,000 ಓದುಗಳು ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯುತ್ತವೆ. ಮಾರಾಟಗಾರರು ಡಬ್ಬಿಯ ಮೇಲೆ ಸೆಕೆಂಡಿಗೆ 500 ಎಂಬಿ ಎಂದು ಅಚ್ಚು ಹಾಕಿಸುತ್ತಾರೆ. ಅದು ದೊಡ್ಡ ಕಡತವೊಂದನ್ನು ಒಂದೇ ಸಮನೆ ಓದುವ ವೇಗ. ಕಛೇರಿಯ ಕೆಲಸದಲ್ಲಿ ಅನುಭವಕ್ಕೆ ಬರುವುದು ಆ ಅಂಕಿಯಲ್ಲ, ಈ ಚಿಕ್ಕ ಓದುಗಳ ಲೆಕ್ಕ.

ಇದಕ್ಕೆ ಬದಲಾಗಿ Memory 90 ಪ್ರತಿಶತ ಮೀರಿ ನಿಂತಿದ್ದರೆ ಮೊದಲು ಬೇಕಾದುದು ಮೆಮೊರಿ. 4 ಜಿಬಿ ಮಾತ್ರ ಇರುವ ಯಂತ್ರಗಳಲ್ಲಿ ಎರಡೂ ಬೇಕಾಗುವುದುಂಟು. ಇನ್ನೊಂದು ಮಿತಿಯನ್ನೂ ಇಲ್ಲಿಯೇ ಹೇಳಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇಂಟೆಲ್ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಯಂತ್ರಗಳಿಗೆ ವಿಂಡೋಸ್ 11ರ ಅಧಿಕೃತ ಮಾನ್ಯತೆ ಇಲ್ಲ. ಅಂತಹ ಯಂತ್ರಕ್ಕೆ ಎಸ್‌ಎಸ್‌ಡಿ ವೇಗ ತರುತ್ತದೆ, ಸುರಕ್ಷತೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬ್ಯಾಂಕಿನ ವ್ಯವಹಾರ ನಡೆಯುವ ಗಣಕವಾದರೆ ಅದಕ್ಕೆ ಹಣ ಹಾಕುವ ಮುನ್ನ ಎರಡು ಬಾರಿ ಯೋಚಿಸುವುದು ಒಳಿತು.

ಫಾರ್ಮ್ಯಾಟ್ ಏಕೆ ಬೇಡ

ಘಟಕದ ಮಾಲೀಕರು ಮೊದಲು ಕೇಳಿದ ಅಂಗಡಿಯ ಹುಡುಗನ ಸಲಹೆ ಸರಳವಾಗಿತ್ತು: "ಸರ್, ಪೂರಾ ಫಾರ್ಮ್ಯಾಟ್ ಹೊಡೆದು ಹೊಸಾ ವಿಂಡೋಸ್ ಹಾಕ್ತೀನ್ರಿ, ಎರಡು ತಾಸಿನ ಕೆಲಸ." ಎರಡು ತಾಸು ವಿಂಡೋಸಿಗೆ ಸಾಕು. ಆದರೆ ಏಳು ವರ್ಷಗಳಲ್ಲಿ ಆ ಯಂತ್ರದ ಮೇಲೆ ಏನೇನು ಸೇರಿತ್ತು ಎಂಬುದನ್ನು ಪಟ್ಟಿ ಮಾಡಿದಾಗ ಚಿತ್ರ ಬೇರೆಯಾಯಿತು. ಡಿಜಿಟಲ್ ಸಹಿಯ ಟೋಕನ್ ಚಾಲಕ, ಬಾರ್‌ಕೋಡ್ ಮುದ್ರಕದ ಚಾಲಕ, ಔಟ್‌ಲುಕ್‌ನಲ್ಲಿದ್ದ ಆರು ವರ್ಷಗಳ ಪತ್ರವ್ಯವಹಾರ, ಟ್ಯಾಲಿಯಲ್ಲಿ ಬಿಲ್ಲಿನ ನಮೂನೆಗಾಗಿ ಮಾಡಿಸಿದ್ದ ವಿಶೇಷ ಬದಲಾವಣೆ, ಮತ್ತು ಸಿಡಿಯಾಗಲೀ ಕೀಲಿಯಾಗಲೀ ಈಗ ಯಾರ ಬಳಿಯೂ ಇಲ್ಲದ ಒಂದು ನಕ್ಷೆ ಬಿಡಿಸುವ ತಂತ್ರಾಂಶ. ಇವುಗಳನ್ನೆಲ್ಲ ಮತ್ತೆ ಕೂಡಿಸಲು ಒಂದು ವಾರವೂ ಸಾಲದು. ಕ್ಲೋನಿಂಗ್‌ನಲ್ಲಿ ಇವೆಲ್ಲವೂ ಇದ್ದ ಹಾಗೆಯೇ ಬರುತ್ತವೆ. ಹಳೆಯ ಡಿಸ್ಕಿನಲ್ಲಿದ್ದ ವೈರಸ್ ಮತ್ತು ಕಸವೂ ಹಾಗೆಯೇ ಬರುತ್ತವೆ ಎಂಬುದನ್ನು ಮರೆಯಬಾರದು. ವೈರಸ್ ಬಾಧೆ ಇರುವ ಯಂತ್ರಕ್ಕೆ ಅಂಗಡಿಯ ಹುಡುಗನ ಸಲಹೆಯೇ ಸರಿ.

ಕೊಳ್ಳುವ ಮುನ್ನ ಅಳತೆ

ತಿರುಗುವ ಡಿಸ್ಕ್ ಇರುವ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಹೊಂದುವುದು 2.5 ಅಂಗುಲದ ಸಾಟಾ ಎಸ್‌ಎಸ್‌ಡಿ. ದಪ್ಪ 7 ಮಿಲಿಮೀಟರ್. ಹಳೆಯ ಡಿಸ್ಕ್ 9.5 ಮಿಲಿಮೀಟರ್ ಇದ್ದರೆ ಅಲುಗಾಡದಂತೆ ತೆಳುವಾದ ಪ್ಲಾಸ್ಟಿಕ್ ಚೌಕಟ್ಟು ಇಡಬೇಕಾಗುತ್ತದೆ. ಕೆಲವು ಮಾದರಿಗಳಲ್ಲಿ ಎಂ.2 ಎಂಬ ಖಾಲಿ ಕಿಂಡಿಯೂ ಇರುತ್ತದೆ. ಆದರೆ ನೋಡಲು ಒಂದೇ ತೆರನಾದ ಎಂ.2 ಕಿಂಡಿ ಕೆಲವು ಯಂತ್ರಗಳಲ್ಲಿ ಸಾಟಾ ಬಗೆಯನ್ನು ಮಾತ್ರ, ಕೆಲವುಗಳಲ್ಲಿ ಎನ್‌ವಿಎಂಇ ಬಗೆಯನ್ನು ಮಾತ್ರ ಒಪ್ಪುತ್ತದೆ. ತಯಾರಕರ ಕೈಪಿಡಿಯಲ್ಲಿ ನೋಡದೆ ಕೊಂಡರೆ ಅದು ಮೇಜಿನ ಖಾನೆಯಲ್ಲಿ ಉಳಿಯುತ್ತದೆ.

ಗಾತ್ರದ ವಿಷಯದಲ್ಲಿ ಎಚ್ಚರ ಬೇಕು. ಘಟಕದವರು ಕೊಂಡದ್ದು 500 ಜಿಬಿ. ಹಳೆಯದು 1 ಟಿಬಿ. ದೊಡ್ಡದರಿಂದ ಚಿಕ್ಕದಕ್ಕೆ ಪ್ರತಿ ಮಾಡಬಹುದೇ ಎಂಬ ಪ್ರಶ್ನೆ ಸಹಜ. ಮುಖ್ಯವಾದುದು ಹಳೆಯ ಡಿಸ್ಕಿನ ಗಾತ್ರವಲ್ಲ, ಅದರಲ್ಲಿ ತುಂಬಿರುವುದೆಷ್ಟು ಎಂಬುದು. ಈ ಯಂತ್ರದಲ್ಲಿ C: ವಿಭಾಗ 200 ಜಿಬಿ ಇದ್ದು ಅದರಲ್ಲಿ 148 ಜಿಬಿ ತುಂಬಿತ್ತು. ಉಳಿದ 730 ಜಿಬಿಯ D: ವಿಭಾಗದಲ್ಲಿ 310 ಜಿಬಿ ತುಂಬಿತ್ತು. ಒಟ್ಟು 458 ಜಿಬಿ. ವಿಂಡೋಸ್ ಲೆಕ್ಕದಲ್ಲಿ 500 ಜಿಬಿಯ ಎಸ್‌ಎಸ್‌ಡಿ 465 ಜಿಬಿ ಎಂದು ಕಾಣುತ್ತದೆ. ಕಾಗದದ ಮೇಲೆ ಹಿಡಿಸುತ್ತದೆ, ವ್ಯವಹಾರದಲ್ಲಿ ಹಿಡಿಸುವುದಿಲ್ಲ. ಏಕೆಂದರೆ ಬಹುತೇಕ ತುಂಬಿದ ಎಸ್‌ಎಸ್‌ಡಿ ಬರೆಯುವಾಗ ನಿಧಾನವಾಗುತ್ತದೆ, ವಿಂಡೋಸಿನ ಹೊಸ ಆವೃತ್ತಿ ಇಳಿಯಲೂ ಜಾಗ ಉಳಿಯುವುದಿಲ್ಲ. D: ವಿಭಾಗವನ್ನು ತೆರೆದು ನೋಡಿದಾಗ 190 ಜಿಬಿಯಷ್ಟು ವಸ್ತುಪ್ರದರ್ಶನದ ವಿಡಿಯೊಗಳು ಮತ್ತು ಮೊಬೈಲಿನ ಚಿತ್ರಗಳೇ ಇದ್ದವು. ಅವುಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದ ಮೇಲೆ ಉಳಿದದ್ದು 268 ಜಿಬಿ.

ಪ್ರತಿ ತೆಗೆಯುವ ಮುನ್ನ

ಮೊದಲನೆಯದು ಹಳೆಯ ಡಿಸ್ಕಿನ ಆರೋಗ್ಯ. CrystalDiskInfo ಎಂಬ ಉಚಿತ ತಂತ್ರಾಂಶ ಅದನ್ನು ಒಂದೇ ನೋಟಕ್ಕೆ ತಿಳಿಸುತ್ತದೆ. Good ಎಂದಿದ್ದರೆ ಮುಂದುವರಿಯಬಹುದು. Caution ಎಂದಿದ್ದರೆ ಡಿಸ್ಕಿನ ಕೆಲವು ಜಾಗಗಳು ಓದಲಾಗದ ಸ್ಥಿತಿಗೆ ಬಂದಿರುವ ಸಾಧ್ಯತೆ ಹೆಚ್ಚು. ಅಂತಹ ಡಿಸ್ಕಿನಿಂದ ಮೊದಲು ಲೆಕ್ಕಪತ್ರದ ಕಡತಗಳನ್ನು ಮಾತ್ರ ಪ್ರತ್ಯೇಕವಾಗಿ ಹೊರತೆಗೆದು, ನಂತರವೇ ಕ್ಲೋನಿಂಗ್‌ಗೆ ಕೈಹಾಕಬೇಕು. ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುವ ಶ್ರಮದಲ್ಲಿಯೇ ಅದು ಕೊನೆಯುಸಿರೆಳೆಯಬಹುದು.

ಎರಡನೆಯದು ಗೂಢಲಿಪೀಕರಣ. ಈಚಿನ ವರ್ಷಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ತಿಳಿಯದೆಯೇ ಬಿಟ್‌ಲಾಕರ್ ಚಾಲೂ ಆಗಿರುತ್ತದೆ. ಅದು ಚಾಲೂ ಇರುವಾಗಲೇ ಪ್ರತಿ ತೆಗೆದರೆ ವಿಭಾಗದ ಗಾತ್ರ ಬದಲಿಸಲಾಗದೆ ಕೆಲಸ ನಿಲ್ಲಬಹುದು, ಅಥವಾ ಹೊಸ ಡಿಸ್ಕ್ 48 ಅಂಕಿಗಳ ಕೀಲಿ ಕೇಳುತ್ತ ನಿಂತುಬಿಡಬಹುದು. ನಿರ್ವಾಹಕರ ಅಧಿಕಾರದಲ್ಲಿ Command Prompt ತೆರೆದು ಮೊದಲು ಸ್ಥಿತಿಯನ್ನು ನೋಡಬೇಕು:

```
manage-bde -status
```

Fully Decrypted ಎಂದು ಬಂದರೆ ಚಿಂತೆಯಿಲ್ಲ. ಹಾಗಿಲ್ಲದಿದ್ದರೆ ಆ ವಿಭಾಗದ ಲಿಪಿಯನ್ನು ಬಿಡಿಸಬೇಕು. C: ವಿಭಾಗವಾದರೆ ಹೀಗೆ:

```
manage-bde -off C:
```

ತಿರುಗುವ ಡಿಸ್ಕಿನಲ್ಲಿ ಇದಕ್ಕೆ ಕೆಲವು ಗಂಟೆಗಳೇ ಬೇಕಾಗಬಹುದು. ಆದುದರಿಂದ ಹಿಂದಿನ ರಾತ್ರಿಯೇ ಮಾಡಿಡುವುದು ಅನುಕೂಲ.

ಮೂರನೆಯದು ಲೆಕ್ಕಪತ್ರ. ಟ್ಯಾಲಿಯ Backup ಮೂಲಕ ಪ್ರತಿಯೊಂದು ಕಂಪನಿಯ ದತ್ತಾಂಶವನ್ನೂ ಪೆನ್‌ಡ್ರೈವಿಗೆ ತೆಗೆದು, ಇನ್ನೊಂದು ಗಣಕದಲ್ಲಿ Restore ಮಾಡಿ ತೆರೆಯುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ. ಬಳಿಕ ಅಂದಿನ ದಿನಾಂಕದ ತಾಳೆಪಟ್ಟಿ, ದಾಸ್ತಾನಿನ ಸಾರಾಂಶ ಮತ್ತು ಪ್ರತಿಯೊಂದು ಬಗೆಯ ವೋಚರಿನ ಕೊನೆಯ ಸಂಖ್ಯೆಯನ್ನು ಕಾಗದದ ಮೇಲೆ ಮುದ್ರಿಸಿ ಸಹಿ ಹಾಕಿಡಬೇಕು. ಹೊಸ ಡಿಸ್ಕಿನಲ್ಲಿ ಎಲ್ಲವೂ ಬಂದಿದೆಯೇ ಎಂಬುದನ್ನು ಕಣ್ಣಂದಾಜಿನಿಂದಲ್ಲ, ಈ ಕಾಗದದಿಂದ ನಿರ್ಧರಿಸಬೇಕು.

ನಾಲ್ಕನೆಯದು ಪರವಾನಗಿ. ಟ್ಯಾಲಿಯಂತಹ ತಂತ್ರಾಂಶಗಳ ಪರವಾನಗಿ ಗಣಕದ ಯಂತ್ರಾಂಶದ ಗುರುತಿಗೆ ಕಟ್ಟುಬಿದ್ದಿರುತ್ತದೆ. ಡಿಸ್ಕ್ ಬದಲಾದಾಗ ಆ ಗುರುತು ಹೊಂದದೆ ಹೋಗಬಹುದು. ಕ್ಲೋನಿಂಗ್‌ಗೆ ಮೊದಲೇ Surrender License ಮೂಲಕ ಪರವಾನಗಿಯನ್ನು ಒಪ್ಪಿಸಿ, ಹೊಸ ಡಿಸ್ಕಿನಲ್ಲಿ ಮತ್ತೆ ಚಾಲನೆಗೊಳಿಸುವುದು ಸರಿಯಾದ ಕ್ರಮ. ಇದಕ್ಕೆ ಬೇಕಾದ ಇ-ಮೇಲ್ ಮತ್ತು ಗುಪ್ತಪದ ಮಾಲೀಕರ ಕೈಯಲ್ಲಿರಬೇಕು. ಕೆಲಸ ಬಿಟ್ಟು ಹೋದ ಗುಮಾಸ್ತರ ಹೆಸರಿನಲ್ಲಿಯೇ ಅವು ಉಳಿದಿರುವುದು ಅನೇಕ ಕಛೇರಿಗಳ ಕಥೆ. ಘಟಕದವರು ಇದೊಂದನ್ನು ಬಿಟ್ಟರು. ಅದರ ಪರಿಣಾಮ ಮುಂದೆ ಬರುತ್ತದೆ.

ಶನಿವಾರ ಸಂಜೆಯ ಕೆಲಸ

ಎಸ್‌ಎಸ್‌ಡಿಯನ್ನು ಯುಎಸ್‌ಬಿಯಿಂದ ಸಾಟಾಕ್ಕೆ ಜೋಡಿಸುವ ತಂತಿಯ ಮೂಲಕ ಲ್ಯಾಪ್‌ಟಾಪಿನ ಹೊರಗಿನಿಂದ ಸೇರಿಸಲಾಯಿತು. ಸಾಮಾನ್ಯವಾಗಿ ನೀಲಿ ಬಣ್ಣದ ಕಿಂಡಿ ಯುಎಸ್‌ಬಿ 3 ಆಗಿರುತ್ತದೆ, ಅದನ್ನೇ ಬಳಸಬೇಕು. ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳಿದರೆ Cancel ಒತ್ತಿದರಾಯಿತು. ವಿಭಾಗಗಳನ್ನು ಪ್ರತಿ ತೆಗೆಯುವ ತಂತ್ರಾಂಶವೇ ರಚಿಸುತ್ತದೆ.

ಹಲವು ಎಸ್‌ಎಸ್‌ಡಿ ತಯಾರಕರು ತಮ್ಮ ಗ್ರಾಹಕರಿಗೆ ಕ್ಲೋನಿಂಗ್ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತಾರೆ. ಕೆಲವರು ಅಕ್ರೊನಿಸ್ ತಂತ್ರಾಂಶದ ವಿಶೇಷ ಆವೃತ್ತಿಯನ್ನು, ಕೆಲವರು ತಮ್ಮದೇ ಆದುದನ್ನು. ಕ್ಲೋನ್‌ಜಿಲ್ಲಾ ಎಂಬ ಮುಕ್ತ ತಂತ್ರಾಂಶವೂ ಇದೆ. ಆದರೆ ಅದು ಸಾಮಾನ್ಯ ಕ್ರಮದಲ್ಲಿ ಗುರಿಯ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕೆಂದು ಬಯಸುವುದರಿಂದ ಈ ಪ್ರಕರಣಕ್ಕೆ ಒಗ್ಗುವುದಿಲ್ಲ. ಘಟಕದವರು ತಯಾರಕರು ಕೊಟ್ಟ ಅಕ್ರೊನಿಸ್ ಆವೃತ್ತಿಯನ್ನೇ ಬಳಸಿದರು.

ತಂತ್ರಾಂಶವು ಎರಡು ಪ್ರಶ್ನೆಗಳನ್ನು ಕೇಳುತ್ತದೆ: ಮೂಲ ಯಾವುದು, ಗುರಿ ಯಾವುದು. ಇಡೀ ಕೆಲಸದಲ್ಲಿ ಹಿಂತೆಗೆದುಕೊಳ್ಳಲಾಗದ ಉತ್ತರ ಇದೊಂದೇ, ಏಕೆಂದರೆ ಗುರಿಯ ಡಿಸ್ಕಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ. Source Disk ಎಂಬಲ್ಲಿ 931 ಜಿಬಿಯ ಹಳೆಯದನ್ನು, Destination Disk ಎಂಬಲ್ಲಿ 465 ಜಿಬಿಯ ಹೊಸದನ್ನು ಆರಿಸಲಾಯಿತು. ಎರಡೂ ಒಂದೇ ಗಾತ್ರದವಾಗಿದ್ದರೆ ತಯಾರಕರ ಹೆಸರು ಮತ್ತು ಮಾದರಿ ಸಂಖ್ಯೆಯನ್ನು ಡಬ್ಬಿಯೊಂದಿಗೆ ಹೋಲಿಸದೆ ಮುಂದುವರಿಯಬಾರದು. ಬ್ಯಾಕಪ್ ಇರುವ ಹೊರಗಿನ ಡಿಸ್ಕನ್ನು ಆ ಹೊತ್ತಿನಲ್ಲಿ ಕಳಚಿಟ್ಟಿರಬೇಕು.

ತಂತ್ರಾಂಶ ತಾನಾಗಿ ಗಾತ್ರ ಹಂಚಲು ಬಿಟ್ಟರೆ ಅದು ಹಳೆಯ ಪ್ರಮಾಣದಲ್ಲಿಯೇ ಹಂಚುತ್ತದೆ. 200 ಜಿಬಿಯ C: ವಿಭಾಗಕ್ಕೆ ಅರ್ಧದಷ್ಟು, ಅಂದರೆ ಸುಮಾರು 100 ಜಿಬಿ ದಕ್ಕಬೇಕಾಗುತ್ತದೆ, ಅದರಲ್ಲಿ ತುಂಬಿರುವುದೇ 148 ಜಿಬಿ. ಆದುದರಿಂದ Manual ಕ್ರಮವನ್ನು ಆರಿಸಿ C: ವಿಭಾಗಕ್ಕೆ 260 ಜಿಬಿ ಕೊಟ್ಟು, ಯಂತ್ರ ಏಳಲು ಬೇಕಾದ ಚಿಕ್ಕ ವಿಭಾಗಗಳನ್ನು ಇದ್ದಂತೆಯೇ ಬಿಟ್ಟು, ಉಳಿದ ಸುಮಾರು 204 ಜಿಬಿಯನ್ನು D: ವಿಭಾಗಕ್ಕೆ ನೀಡಲಾಯಿತು. ಆ ಚಿಕ್ಕ ವಿಭಾಗಗಳು ನಿರುಪಯುಕ್ತವೆಂದು ಅಳಿಸಿದರೆ ಯಂತ್ರ ಏಳುವುದಿಲ್ಲ. ವಿದ್ಯುತ್ ತಂತಿಯನ್ನು ಜೋಡಿಸಿ, ನಿದ್ರಾವಸ್ಥೆಯನ್ನು Never ಎಂದು ಬದಲಿಸಿ ಕೆಲಸ ಆರಂಭಿಸಲಾಯಿತು. 268 ಜಿಬಿ ಪ್ರತಿಯಾಗಲು 1 ಗಂಟೆ 40 ನಿಮಿಷ ಹಿಡಿಯಿತು, ಅಂದರೆ ಸೆಕೆಂಡಿಗೆ ಸುಮಾರು 45 ಎಂಬಿ. ಇಲ್ಲಿ ವೇಗವನ್ನು ನಿರ್ಧರಿಸುವುದು ಓದಿಸಿಕೊಳ್ಳುವ ಹಳೆಯ ಡಿಸ್ಕ್, ಹೊಸದಲ್ಲ.

ಸೋಮವಾರದ ಏಳು ಬಿಲ್ಲುಗಳು

ರಾತ್ರಿಯಾದ್ದರಿಂದ ತಂತ್ರಜ್ಞರು ಸೋಮವಾರ ಬಂದು ಡಿಸ್ಕ್ ಬದಲಿಸುವುದಾಗಿ ಹೇಳಿ ಹೋದರು. ಸೋಮವಾರ ಬೆಳಿಗ್ಗೆ ಲಾರಿ ಬಂದು ನಿಂತಿತ್ತು. ಗುಮಾಸ್ತರು ಎಂದಿನಂತೆ ಹಳೆಯ ಡಿಸ್ಕಿನಲ್ಲಿಯೇ ಟ್ಯಾಲಿ ತೆರೆದು 1847ರಿಂದ 1853ರ ವರೆಗೆ ಏಳು ಮಾರಾಟದ ಬಿಲ್ಲುಗಳನ್ನು ಹಾಕಿ, ಇ-ಇನ್‌ವಾಯ್ಸ್ ಪಡೆದು ಸರಕು ಕಳುಹಿಸಿದರು. ಮಧ್ಯಾಹ್ನ ತಂತ್ರಜ್ಞರು ಬಂದು ಡಿಸ್ಕ್ ಬದಲಿಸಿದರು. ಯಂತ್ರ ಒಂದೇ ಬಾರಿಗೆ ಎದ್ದಿತು. 9 ನಿಮಿಷ ಹಿಡಿಯುತ್ತಿದ್ದ ಕೆಲಸ 1 ನಿಮಿಷ 10 ಸೆಕೆಂಡಿಗೆ ಇಳಿದದ್ದನ್ನು ಕಂಡು ಎಲ್ಲರಿಗೂ ಸಂತೋಷವಾಯಿತು. ಆದರೆ ಟ್ಯಾಲಿ ಶೈಕ್ಷಣಿಕ ಕ್ರಮದಲ್ಲಿ ತೆರೆದುಕೊಂಡಿತು. ಆ ಕ್ರಮದಲ್ಲಿ ತಿಂಗಳ ಕೆಲವೇ ದಿನಾಂಕಗಳ ನಮೂದಿಗೆ ಅವಕಾಶವಿದ್ದು, ಅಂದಿನ ದಿನಾಂಕದಲ್ಲಿ ಬಿಲ್ ಹಾಕಲಾಗಲಿಲ್ಲ. ಪರವಾನಗಿ ಸರಿಪಡಿಸುವ ಮೊದಲು ಮುದ್ರಿತ ಕಾಗದವನ್ನು ಹೋಲಿಸಲು ಕುಳಿತ ಗುಮಾಸ್ತರು ಕೊನೆಯ ಬಿಲ್ 1846 ಎಂಬುದನ್ನು ಕಂಡು ಗಾಬರಿಯಾದರು. ಕಾಗದದೊಂದಿಗೆ ಅದು ಸರಿಯಾಗಿಯೇ ಹೊಂದುತ್ತಿತ್ತು. ಹೊಂದದೆ ಇದ್ದುದು ಬೆಳಿಗ್ಗೆ ಹೊರಟ ಲಾರಿಯೊಂದಿಗೆ.

ಕ್ಲೋನ್ ಎಂಬುದು ಆ ಕ್ಷಣದ ಛಾಯಾಚಿತ್ರ. ಪ್ರತಿ ತೆಗೆದ ನಂತರ ಹಳೆಯ ಡಿಸ್ಕಿನಲ್ಲಿ ಬರೆದದ್ದು ಹೊಸದಕ್ಕೆ ತಾನಾಗಿ ಬರುವುದಿಲ್ಲ. ಪರವಾನಗಿ ಅಡ್ಡ ಬರದೆ ಹೋಗಿದ್ದರೆ ಮುಂದಿನ ಬಿಲ್ ಮತ್ತೆ 1847 ಆಗಿ ಬೇರೊಬ್ಬ ಗಿರಾಕಿಯ ಹೆಸರಿಗೆ ಹೋಗುತ್ತಿತ್ತು. ಜಿಎಸ್‌ಟಿ ನಿಯಮ 46ರ ಪ್ರಕಾರ ತೆರಿಗೆ ಬಿಲ್ಲಿನ ಕ್ರಮಸಂಖ್ಯೆ ಒಂದು ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗಬಾರದು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದ್ದು, ಈ ಘಟಕವೂ ಅದರ ವ್ಯಾಪ್ತಿಯಲ್ಲಿದೆ. ಅದೇ ಸಂಖ್ಯೆಯ ಬಿಲ್ ಎರಡನೆಯ ಬಾರಿ ಹೋದಾಗ ಪೋರ್ಟಲ್ ಅದನ್ನು ತಿರಸ್ಕರಿಸುತ್ತಿತ್ತು, ತಪ್ಪು ಅಲ್ಲಿಯೇ ಸಿಕ್ಕುತ್ತಿತ್ತು. ಅದಕ್ಕಿಂತ ಚಿಕ್ಕ ವರ್ತಕರಿಗೆ ಹಾಗೆ ತಡೆಯುವವರಿಲ್ಲ. ಎರಡು ಗಿರಾಕಿಗಳ ಬಳಿ ಒಂದೇ ಸಂಖ್ಯೆಯ ಬಿಲ್ ಉಳಿದು, ಏಳು ಬಿಲ್ಲುಗಳ ಮಾರಾಟ ಪುಸ್ತಕದಲ್ಲಿಯೇ ಇಲ್ಲದೆ ಹೋಗಿ, ಗಿರಾಕಿಯು ತನ್ನ ಜಿಎಸ್‌ಟಿಆರ್-2ಬಿಯಲ್ಲಿ ಬಿಲ್ ಕಾಣುತ್ತಿಲ್ಲವೆಂದು ದೂರವಾಣಿ ಮಾಡಿದಾಗಲೇ ಅದು ಬೆಳಕಿಗೆ ಬರುತ್ತದೆ.

ಪರಿಹಾರ ಕಠಿಣವಾಗಿರಲಿಲ್ಲ, ಏಕೆಂದರೆ ಹೊಸ ಡಿಸ್ಕಿನಲ್ಲಿ ಇನ್ನೂ ಯಾವ ನಮೂದೂ ಆಗಿರಲಿಲ್ಲ. ಹಳೆಯ ಡಿಸ್ಕನ್ನೇ ಮತ್ತೆ ಯಂತ್ರದೊಳಗೆ ಕೂರಿಸಿ, ಟ್ಯಾಲಿ ತೆರೆದು, 1853ರ ವರೆಗಿನ ಬ್ಯಾಕಪ್ ತೆಗೆದು, ಅಲ್ಲಿಯೇ ಪರವಾನಗಿಯನ್ನೂ ಒಪ್ಪಿಸಲಾಯಿತು. ಬಳಿಕ ಎಸ್‌ಎಸ್‌ಡಿ ಅಳವಡಿಸಿ, ಪರವಾನಗಿ ಚಾಲನೆಗೊಳಿಸಿ, ಬ್ಯಾಕಪ್ ಅನ್ನು Restore ಮಾಡಿ, ಕೊನೆಯ ಸಂಖ್ಯೆ 1853 ಎಂಬುದನ್ನು ನೋಡಿ ಕೆಲಸ ಮುಂದುವರಿಸಲಾಯಿತು. ಎರಡೂ ಡಿಸ್ಕುಗಳಲ್ಲಿ ಬೇರೆ ಬೇರೆ ಬಿಲ್ಲುಗಳು ಸೇರಿಬಿಟ್ಟಿದ್ದರೆ ಒಂದರದನ್ನು ಕೈಯಿಂದಲೇ ಮತ್ತೆ ನಮೂದಿಸದೆ ಬೇರೆ ದಾರಿ ಇರುತ್ತಿರಲಿಲ್ಲ.

ಇದರಿಂದ ಒಂದು ಉಪಯುಕ್ತ ಅಂಶ ಹೊಳೆಯುತ್ತದೆ. ಕ್ಲೋನಿಂಗ್‌ಗೆ ಮೊದಲೇ ಪರವಾನಗಿಯನ್ನು ಒಪ್ಪಿಸಿದ್ದಿದ್ದರೆ ಸೋಮವಾರ ಬೆಳಿಗ್ಗೆ ಹಳೆಯ ಡಿಸ್ಕಿನಲ್ಲಿ ಬಿಲ್ ಹಾಕುವುದೇ ಸಾಧ್ಯವಾಗುತ್ತಿರಲಿಲ್ಲ. ಅದೇ ಒಂದು ಬೀಗದಂತೆ ಕೆಲಸ ಮಾಡುತ್ತಿತ್ತು. ಪ್ರತಿ ತೆಗೆಯುವುದು ಮತ್ತು ಡಿಸ್ಕ್ ಬದಲಿಸುವುದು ಒಂದೇ ಕೂಡುವಿಕೆಯಲ್ಲಿ ಮುಗಿಯಬೇಕು. ಮುಗಿಸಲಾಗದಿದ್ದರೆ ಬದಲಿಸುವ ದಿನ ಮತ್ತೊಮ್ಮೆ ಪ್ರತಿ ತೆಗೆಯಬೇಕು. ಎರಡು ಗಂಟೆ ಹೋದರೆ ಹೋಗಲಿ.

ಬದಲಿಸುವಾಗ ಮತ್ತು ಮೊದಲ ಬಾರಿ ಎದ್ದಾಗ

ಯಂತ್ರವನ್ನು ಪೂರ್ಣವಾಗಿ ಆರಿಸಿ, ವಿದ್ಯುತ್ ತಂತಿ ಕಳಚಿ, ಕೆಳಗಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಜೋಡಣೆಯನ್ನು ಬಿಡಿಸಬೇಕು. ತಿರುಪುಗಳು ಒಂದೇ ಉದ್ದದವಾಗಿರುವುದಿಲ್ಲ. ಉದ್ದದ ತಿರುಪನ್ನು ಗಿಡ್ಡದರ ರಂಧ್ರಕ್ಕೆ ಬಿಗಿದು ಮೇಲಿನ ಕವಚ ಒಡೆದ ಪ್ರಸಂಗಗಳಿವೆ.

ಮೊದಲ ಬಾರಿ ಎಬ್ಬಿಸುವಾಗ ಹಳೆಯ ಡಿಸ್ಕ್ ಯಂತ್ರಕ್ಕೆ ಯಾವ ರೀತಿಯಲ್ಲಿಯೂ ಜೋಡಣೆಯಾಗಿರಬಾರದು. ಎರಡೂ ಒಂದೇ ಗುರುತಿನವಾಗಿರಬಹುದಾದ್ದರಿಂದ ಯಂತ್ರ ಹಳೆಯದರಿಂದಲೇ ಎದ್ದು, ಎಲ್ಲರೂ ಹೊಸದರಲ್ಲಿದ್ದೇವೆಂದು ಭಾವಿಸುವ ಗೊಂದಲ ಉಂಟಾಗುತ್ತದೆ. ಬೂಟ್ ಡಿಸ್ಕ್ ಸಿಗುತ್ತಿಲ್ಲವೆಂಬ ಸಂದೇಶ ಬಂದರೆ ಮೊದಲು ಜೋಡಣೆ ಬಿಗಿಯಾಗಿದೆಯೇ ಎಂದು ನೋಡಬೇಕು, ಆಮೇಲೆ BIOS ಪಟ್ಟಿಯಲ್ಲಿ ಎಸ್‌ಎಸ್‌ಡಿ ಕಾಣುತ್ತದೆಯೇ ಎಂದು ನೋಡಬೇಕು. ಕಾಣುತ್ತಿದ್ದರೂ ಏಳದಿದ್ದರೆ ಬಹುಮಟ್ಟಿಗೆ ಯಂತ್ರ ಏಳಿಸುವ ಚಿಕ್ಕ ವಿಭಾಗ ಸರಿಯಾಗಿ ಪ್ರತಿಯಾಗಿಲ್ಲ. ಆಗ ಕೈಯಲ್ಲಿ ಹಾನಿಯಾಗದ ಹಳೆಯ ಡಿಸ್ಕ್ ಇದ್ದೇ ಇರುತ್ತದೆ. ಅದನ್ನು ಮತ್ತೆ ಕೂರಿಸಿ ಪ್ರತಿ ತೆಗೆಯುವ ಕೆಲಸವನ್ನು ಆರಂಭದಿಂದ ಮಾಡುವುದು ದುರಸ್ತಿಗೆ ಕೈಹಾಕುವುದಕ್ಕಿಂತ ಸುಲಭ.

ಎದ್ದ ಮೇಲೆ Defragment and Optimize Drives ಎಂಬುದನ್ನು ತೆರೆದು ಅಲ್ಲಿ Solid state drive ಎಂದು ಬಂದಿದೆಯೇ ಎಂಬುದನ್ನು ನೋಡಬೇಕು. ಹಳೆಯ ಡಿಸ್ಕಿನಂತೆ ಕಡತಗಳನ್ನು ಒಟ್ಟುಗೂಡಿಸುವ ಶ್ರಮ ಎಸ್‌ಎಸ್‌ಡಿಗೆ ಬೇಡ; ಆ ಹೆಸರು ಬಂದಿದ್ದರೆ ವಿಂಡೋಸ್ ಅದಕ್ಕೆ ತಕ್ಕ ನಿರ್ವಹಣೆಯನ್ನು ತಾನೇ ಮಾಡುತ್ತದೆ. ಬಳಿಕ ಮುದ್ರಿತ ತಾಳೆಪಟ್ಟಿಯ ಹೋಲಿಕೆ, ಡಿಜಿಟಲ್ ಸಹಿಯ ಒಂದು ಪರೀಕ್ಷೆ, ಮುದ್ರಕದಿಂದ ಒಂದು ಬಿಲ್, ಹಳೆಯ ಪತ್ರವೊಂದರ ಹುಡುಕಾಟ. ಇಷ್ಟು ಸರಿಬಂದರೆ ಸಾಕು.

ಹಳೆಯ ಡಿಸ್ಕ್ ಮತ್ತು ಲೆಕ್ಕದ ನಮೂದು

ಹಳೆಯ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಏನೂ ಅಳಿಸದೆ, ಬದಲಿಸಿದ ದಿನಾಂಕ ಬರೆದು ಕಪಾಟಿನಲ್ಲಿಡಬೇಕು. ಆದರೆ ಅದನ್ನೇ ದಾಖಲೆಗಳ ಏಕೈಕ ಭಂಡಾರವೆಂದು ನಂಬಬಾರದು. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಅಷ್ಟು ಕಾಲ ಸುಮ್ಮನೆ ಬಿದ್ದ ಡಿಸ್ಕ್ ಬೇಕಾದಾಗ ತಿರುಗುತ್ತದೆಂಬ ಭರವಸೆ ಇಲ್ಲ. ಎಸ್‌ಎಸ್‌ಡಿಗೂ ತನ್ನದೇ ಆದ ದೋಷವಿದೆ. ತಿರುಗುವ ಡಿಸ್ಕ್ ಸಾಯುವ ಮುನ್ನ ಸಾಮಾನ್ಯವಾಗಿ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಒಂದು ಬೆಳಿಗ್ಗೆ ಇಲ್ಲವಾಗಬಹುದು, ಅದರಿಂದ ಮಾಹಿತಿ ಹೊರತೆಗೆಯುವುದೂ ಹೆಚ್ಚು ಕಷ್ಟ. ಆದುದರಿಂದ ಡಿಸ್ಕ್ ಬದಲಿಸಿದ ಕಛೇರಿಯಲ್ಲಿ ದಿನದ ಬ್ಯಾಕಪ್ ಮೊದಲಿಗಿಂತಲೂ ಕಟ್ಟುನಿಟ್ಟಾಗಿ ನಡೆಯಬೇಕು. ಡಿಸ್ಕನ್ನು ಗುಜರಿಗೆ ಕೊಡುವುದಾದರೆ ಪೂರ್ಣವಾಗಿ ಅಳಿಸಿಯೇ ಕೊಡಬೇಕು. ಗಿರಾಕಿಗಳ ದರಪಟ್ಟಿ ಅದರಲ್ಲಿರುತ್ತದೆ.

ಈ ಘಟಕದಲ್ಲಿ ಎಸ್‌ಎಸ್‌ಡಿಗೆ 3,600 ರೂ., ಜೋಡಣೆಯ ತಂತಿಗೆ 500 ರೂ., 18 ಪ್ರತಿಶತ ಜಿಎಸ್‌ಟಿ 738 ರೂ. ಸೇರಿ 4,838 ರೂಪಾಯಿ ವೆಚ್ಚವಾಯಿತು. ಈ ದರಗಳು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತವೆ. ಬಿಲ್ಲಿನಲ್ಲಿ ಘಟಕದ ಜಿಎಸ್‌ಟಿ ಸಂಖ್ಯೆ ಇದ್ದುದರಿಂದ 738 ರೂಪಾಯಿ ಹೂಡುವಳಿ ತೆರಿಗೆಯಾಗಿ ದೊರೆಯಿತು. ಉಳಿದ 4,100 ರೂಪಾಯಿಯನ್ನು ಗಣಕದ ದುರಸ್ತಿ ಖರ್ಚಿಗೆ ಹಾಕಲಾಯಿತು. ಇದ್ದ ಯಂತ್ರದ ಸವೆದ ಭಾಗವನ್ನು ಬದಲಿಸಿದ್ದೇ ಹೊರತು ಹೊಸ ಆಸ್ತಿ ಹುಟ್ಟಿಲ್ಲವಾದ್ದರಿಂದ ಆ ನಮೂದು ಸಮಂಜಸವೇ ಆಗಿದೆ. ಒಂದೇ ವರ್ಷದಲ್ಲಿ ಹತ್ತಾರು ಯಂತ್ರಗಳಿಗೆ ಹೀಗೆ ಮಾಡಿಸಿದವರು ಮೊತ್ತವನ್ನು ಬಂಡವಾಳ ವೆಚ್ಚವೆಂದು ನೋಡಬೇಕೇ ಎಂಬುದನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಮೊದಲೇ ಚರ್ಚಿಸಿಕೊಳ್ಳುವುದು ಒಳಿತು. ತೆಗೆದ ಹಳೆಯ ಡಿಸ್ಕನ್ನು ಮುಂದೆ ಮಾರಿದರೆ, ಮೊತ್ತ ಚಿಕ್ಕದಾದರೂ, ಅದಕ್ಕೂ ತೆರಿಗೆ ಬಿಲ್ ಮಾಡಬೇಕಾಗುತ್ತದೆ.